ಫೈರ್ ಪಂಪ್ ರೂಮಿನ ನಾಲ್ಕು ಅಂಕಿಗಳು: ಜಾಕಿ, ಮೇನ್, ಡೀಸೆಲ್ ಪಂಪ್‌ಗಳ ಒತ್ತಡ ಹೊಂದಿಸುವ ಬಗೆ

ತುಮಕೂರಿನ ಹೊರವಲಯದ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಪ್ಯಾಕಿಂಗ್ ಕಾರ್ಖಾನೆಯಿಂದ ನನಗೆ ಕರೆ ಬಂದಿತ್ತು. ಒಂದೇ ವಾರದಲ್ಲಿ ಎರಡು ರಾತ್ರಿ ಫೈರ್ ಲೈನಿನ ಮೇನ್ ಪಂಪ್ ತಾನಾಗಿಯೇ ಓಡಿತ್ತು. ಎಲ್ಲಿಯೂ ಬೆಂಕಿ ಇರಲಿಲ್ಲ, ಯಾರೂ ಹೈಡ್ರಂಟ್ ತೆರೆದಿರಲಿಲ್ಲ. ನಾನು ಹೋಗುವಷ್ಟರಲ್ಲಿ ರಾತ್ರಿ ಪಾಳಿಯ ಆಪರೇಟರ್ ತನಗೆ ತೋಚಿದ ಪರಿಹಾರವನ್ನು ಮಾಡಿಬಿಟ್ಟಿದ್ದರು. ಪ್ಯಾನೆಲ್‌ನಲ್ಲಿದ್ದ ಸೆಲೆಕ್ಟರ್ ಸ್ವಿಚ್ಚನ್ನು ‘ಆಟೋ’ದಿಂದ ‘ಮ್ಯಾನುಯಲ್’ಗೆ ತಿರುಗಿಸಿದ್ದರು. “ಸರ್, ಮಧ್ಯರಾತ್ರಿ ಪಂಪ್ ಶುರುವಾದರೆ ಇಡೀ ಪಾಳಿ ಕೆಲಸ ಬಿಟ್ಟು ಹೊರಗೆ ಓಡಿ ಬರುತ್ತದೆ, ಮ್ಯಾನೇಜರ್ ನನ್ನನ್ನೇ ಕೇಳುತ್ತಾರೆ” ಎಂದರು.

ಅವರ ಕಷ್ಟ ನನಗೆ ಅರ್ಥವಾಯಿತು. ಆದರೆ ಆ ಸ್ವಿಚ್ ತಿರುಗಿದ ಕ್ಷಣದಿಂದ ಆ ಕಾರ್ಖಾನೆಯ ಮೇನ್ ಪಂಪ್ ಇದ್ದೂ ಇಲ್ಲದಂತಾಗಿತ್ತು. ತಪ್ಪು ಪಂಪಿನಲ್ಲಿ ಇರಲಿಲ್ಲ, ಆಪರೇಟರ್‌ನದೂ ಅಲ್ಲ. ಮೂರು ಪಂಪ್‌ಗಳು ಯಾವ ಒತ್ತಡದಲ್ಲಿ ಎಚ್ಚರಗೊಳ್ಳಬೇಕು ಎಂಬ ಅಂಕಿಗಳು ಒಂದಕ್ಕೊಂದು ತೀರಾ ಹತ್ತಿರ ಕುಳಿತಿದ್ದವು. ಆ ಅಂಕಿಗಳು ಎಲ್ಲಿಂದ ಬರುತ್ತವೆ, ಅವನ್ನು ಹೇಗೆ ಲೆಕ್ಕ ಹಾಕಬೇಕು, ಹೇಗೆ ಹೊಂದಿಸಿ ಪರೀಕ್ಷಿಸಬೇಕು ಎಂಬುದನ್ನು ಅದೇ ಕಾರ್ಖಾನೆಯ ಉದಾಹರಣೆ ಇಟ್ಟುಕೊಂಡು ಇಲ್ಲಿ ಹೇಳುತ್ತೇನೆ.

ಮೊದಲಿಗೆ ಅಳತೆಯ ಮಾತು. ನಮ್ಮ ಕಡೆ ಪಂಪ್ ರೂಮಿನಲ್ಲಿ ಒತ್ತಡವನ್ನು ‘ಕೆ.ಜಿ.’ ಎಂದೇ ಹೇಳುತ್ತಾರೆ. ಏಳು ಕೆ.ಜಿ. ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಏಳು ಕಿಲೋಗ್ರಾಂ. ಒಂದು ಕೆ.ಜಿ. ಒತ್ತಡ ನೀರನ್ನು ಹತ್ತು ಮೀಟರ್ ಮೇಲೆ ನಿಲ್ಲಿಸುತ್ತದೆ. ಹಾಗಾಗಿ ಪಂಪಿನ ಫಲಕದಲ್ಲಿ ಹೆಡ್ 70 ಮೀಟರ್ ಎಂದಿದ್ದರೆ ಅದು ಏಳು ಕೆ.ಜಿ.ಯ ಪಂಪ್. ಈ ಲೇಖನದಲ್ಲಿಯೂ ಅದೇ ರೂಢಿಯನ್ನು ಇಟ್ಟುಕೊಂಡಿದ್ದೇನೆ.

ಪಂಪ್ ರೂಮಿನೊಳಗೆ ಏನಾಗುತ್ತದೆ

ಬಾಗಿಲು ತೆರೆದು ಒಳಗೆ ಹೋದರೆ ಒಂದು ಬದಿಗೆ ನೀರಿನ ಟ್ಯಾಂಕಿನಿಂದ ಬರುವ ದಪ್ಪ ಸಕ್ಷನ್ ಪೈಪು, ಇನ್ನೊಂದು ಬದಿಗೆ ಕೆಂಪು ಬಣ್ಣದ ಡೆಲಿವರಿ ಹೆಡರ್. ಇವೆರಡರ ನಡುವೆ ಮೂರು ಪಂಪ್‌ಗಳು. ಪ್ರತಿ ಪಂಪಿನ ಡೆಲಿವರಿಯಲ್ಲಿ ಮೊದಲು ನೀರನ್ನು ಹಿಂದಕ್ಕೆ ಬಿಡದ ಒಂದು ನಾನ್ ರಿಟರ್ನ್ ವಾಲ್ವ್, ಅದರ ಆಚೆ ತೆರೆದು ಮುಚ್ಚುವ ವಾಲ್ವ್ ಇರುತ್ತದೆ. ಹೆಡರಿನಿಂದ ಹೊರಟ ಪೈಪು ನೆಲದಡಿಯಲ್ಲಿ ಕಾರ್ಖಾನೆಯನ್ನು ಸುತ್ತುವರಿದು ಹೈಡ್ರಂಟ್‌ಗಳಿಗೆ ಹೋಗುತ್ತದೆ. ಆ ಲೈನು ವರ್ಷವಿಡೀ ನೀರು ತುಂಬಿ, ಒತ್ತಡದಲ್ಲಿಯೇ ಇರಬೇಕು.

ನೆಲದಡಿಯ ಪೈಪು, ನೂರಾರು ಫ್ಲಾಂಜ್ ಜೋಡಣೆಗಳು, ಹೈಡ್ರಂಟ್ ವಾಲ್ವುಗಳ ವಾಷರ್, ಇವುಗಳ ಮೂಲಕ ಹನಿ ಹನಿ ನೀರು ಸೋರುವುದು ಸಹಜ. ಆ ಸೋರಿಕೆಯನ್ನು ತುಂಬುವ ಕೆಲಸ ಜಾಕಿ ಪಂಪಿನದು. ಈ ಕಾರ್ಖಾನೆಯಲ್ಲಿ ಅದು ನಿಮಿಷಕ್ಕೆ 180 ಲೀಟರ್ ಕೊಡುವ ಸಣ್ಣ ಪಂಪ್. ಮೇನ್ ಪಂಪ್ ವಿದ್ಯುತ್ತಿನದು, ಏಳು ಕೆ.ಜಿ.ಯಲ್ಲಿ ನಿಮಿಷಕ್ಕೆ 2,280 ಲೀಟರ್ ಕೊಡುತ್ತದೆ. ಮೂರನೆಯದು ಅಷ್ಟೇ ಸಾಮರ್ಥ್ಯದ ಡೀಸೆಲ್ ಪಂಪ್. ವಿದ್ಯುತ್ ಇಲ್ಲದಿದ್ದರೆ, ಅಥವಾ ಮೇನ್ ಪಂಪ್ ಕೈಕೊಟ್ಟರೆ ಅದು ಓಡಬೇಕು.

ಯಾರಾದರೂ ಒಂದು ಹೈಡ್ರಂಟ್ ತೆರೆದರೆ ನಿಮಿಷಕ್ಕೆ ಸುಮಾರು 450 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ನೀರು ಹೊರಗೆ ಹೋಗುತ್ತದೆ. ಜಾಕಿ 180 ಲೀಟರ್ ಕೊಡುತ್ತಲೇ ಇದ್ದರೂ ಲೈನಿನ ಒತ್ತಡ ಇಳಿಯುತ್ತಾ ಹೋಗುತ್ತದೆ. ಆ ಇಳಿತವೇ ಮೇನ್ ಪಂಪಿಗೆ ಕರೆ. ಸೋರಿಕೆ ಯಾವುದು, ಬೆಂಕಿ ಯಾವುದು ಎಂದು ಪಂಪ್ ರೂಮಿಗೆ ತಿಳಿಯುವುದು ಹೀಗೆ. ಜಾಕಿ ತುಂಬಿಸಬಲ್ಲಷ್ಟು ಹೋದರೆ ಅದು ಸೋರಿಕೆ, ಜಾಕಿಯ ಕೈ ಮೀರಿದರೆ ಅದು ಬೆಂಕಿ.

ಇದೇ ಕಾರಣಕ್ಕೆ ಜಾಕಿ ಪಂಪ್ ದೊಡ್ಡದಾಗಿದ್ದರೆ ಒಳ್ಳೆಯದಲ್ಲ. ಸ್ಪ್ರಿಂಕ್ಲರ್ ಇರುವ ಕಟ್ಟಡದಲ್ಲಿ ಇದು ಇನ್ನೂ ಸೂಕ್ಷ್ಮ. ಆರೇಳು ಕೆ.ಜಿ. ಒತ್ತಡದಲ್ಲಿ ಸಾಮಾನ್ಯ ಗಾತ್ರದ ಒಂದೇ ಒಂದು ಸ್ಪ್ರಿಂಕ್ಲರ್ ಒಡೆದರೆ ಅದರಿಂದ ಹೋಗುವ ನೀರು ನಿಮಿಷಕ್ಕೆ ಸುಮಾರು 200 ಲೀಟರ್. 300 ಲೀಟರಿನ ಜಾಕಿ ಕೂರಿಸಿದ್ದರೆ ಅದು ಆ ನೀರನ್ನೂ ತುಂಬಿಸುತ್ತಾ ಕೂರುತ್ತದೆ, ಒತ್ತಡ ಇಳಿಯುವುದೇ ಇಲ್ಲ, ಮೇನ್ ಪಂಪ್ ಏಳುವುದೂ ಇಲ್ಲ. ಹಳೆಯ ಜಾಕಿ ಸುಟ್ಟಾಗ ಅಂಗಡಿಯಲ್ಲಿ ಸಿಕ್ಕಿತೆಂದು ಅದಕ್ಕಿಂತ ದೊಡ್ಡದನ್ನು ತಂದು ಕೂರಿಸಬಾರದು.

ಮೊದಲ ಹೆಜ್ಜೆ: ಮುಚ್ಚಿದ ಬಾಯಿಯ ಒತ್ತಡವನ್ನು ಅಳೆಯುವುದು

ಆ ಕಾರ್ಖಾನೆಯ ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಹಾಳೆಯೊಂದು ಅಂಟಿಸಿತ್ತು. ಜಾಕಿ ಆರಂಭ 6.8, ಜಾಕಿ ನಿಲುಗಡೆ 7.4, ಮೇನ್ ಆರಂಭ 6.6, ಡೀಸೆಲ್ ಆರಂಭ 6.4. ಈ ಅಂಕಿಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಇನ್ನೊಂದು ಕಾರ್ಖಾನೆಯ ಹಾಳೆಯಿಂದ ಬಂದಿದ್ದರೂ ಅಚ್ಚರಿಯಿಲ್ಲ. ಆದರೆ ಈ ನಾಲ್ಕೂ ಅಂಕಿಗಳು ಹುಟ್ಟಬೇಕಾದದ್ದು ಆ ಕೋಣೆಯಲ್ಲಿ ಕುಳಿತಿರುವ ಮೇನ್ ಪಂಪಿನಿಂದಲೇ.

ಪಂಪ್ ಓಡುತ್ತಿದ್ದು, ನೀರು ಎಲ್ಲಿಯೂ ಹೊರಗೆ ಹೋಗದಿದ್ದಾಗ ಬರುವ ಒತ್ತಡವೇ ಅದರ ಗರಿಷ್ಠ ಒತ್ತಡ. ಇದನ್ನು ‘ಶಟ್ ಆಫ್’ ಅಥವಾ ‘ಚರ್ನ್’ ಒತ್ತಡ ಎನ್ನುತ್ತಾರೆ. ನೀರು ಹೊರಗೆ ಹೋಗತೊಡಗಿದಂತೆ ಅದು ಕಡಿಮೆಯಾಗುತ್ತದೆ. ನಮ್ಮಲ್ಲಿ ಬಳಸುವ ಅಡ್ಡ ಶಾಫ್ಟಿನ ಫೈರ್ ಪಂಪ್‌ಗಳಿಗೆ ಈ ಗರಿಷ್ಠ ಒತ್ತಡ ಫಲಕದ ಒತ್ತಡಕ್ಕಿಂತ ಶೇಕಡಾ 20ಕ್ಕಿಂತ ಹೆಚ್ಚಿರಬಾರದು. ಹಾಗೆಯೇ ಫಲಕದಲ್ಲಿರುವುದರ ಒಂದೂವರೆ ಪಟ್ಟು ನೀರು ಹೋಗುತ್ತಿದ್ದಾಗಲೂ ಒತ್ತಡ ಶೇಕಡಾ 65ಕ್ಕಿಂತ ಕೆಳಗಿಳಿಯಬಾರದು. ಏಳು ಕೆ.ಜಿ.ಯ ಪಂಪಿಗೆ ಮೇಲಿನ ಮಿತಿ 8.4 ಕೆ.ಜಿ., ಕೆಳಗಿನದು ಸುಮಾರು 4.5 ಕೆ.ಜಿ. ಈ ಎರಡೂ ಅಂಕಿ ಮುಂದೆ ಬೇಕಾಗುತ್ತವೆ.

ಅಳೆಯುವ ಮೊದಲು ಸೆಕ್ಯುರಿಟಿಗೆ, ಪಾಳಿಯ ಮೇಲ್ವಿಚಾರಕರಿಗೆ, ಮ್ಯಾನೇಜರಿಗೆ ಹೇಳಿಬಿಡಿ. ಪಂಪಿನ ಸದ್ದಿಗೆ ಜನ ಗಾಬರಿಗೊಳ್ಳಬಾರದು. ಆಮೇಲೆ ಯಾವ ಹೈಡ್ರಂಟೂ ತೆರೆದಿಲ್ಲ ಎಂದು ಖಚಿತಪಡಿಸಿಕೊಂಡು ಮೇನ್ ಪಂಪನ್ನು ಕೈಯಿಂದ ಓಡಿಸಿ, ಪೂರ್ಣ ವೇಗಕ್ಕೆ ಬಂದ ಮೇಲೆ ಗೇಜ್ ಓದಿ, ನಿಲ್ಲಿಸಿ. ಒಂದೆರಡು ನಿಮಿಷ ಸಾಕು. ನೀರು ಹೋಗದೆ ಪಂಪ್ ಓಡುತ್ತಿದ್ದರೆ ಒಳಗಿನ ನೀರು ಬಿಸಿಯಾಗುತ್ತದೆ. ಅದಕ್ಕೆಂದೇ ಕೇಸಿಂಗಿನ ಮೇಲೆ ಒಂದು ಸಣ್ಣ ರಿಲೀಫ್ ವಾಲ್ವ್ ಇರುತ್ತದೆ, ಅದರಿಂದ ಬೆರಳು ಗಾತ್ರದ ನೀರು ಬರುತ್ತಿದೆಯೇ ಎಂದೂ ನೋಡಿಕೊಳ್ಳಿ.

ಯಾವ ಗೇಜ್ ಓದುತ್ತೀರಿ ಎಂಬುದು ಇಲ್ಲಿ ಮುಖ್ಯ. ಹೆಡರಿನ ಮೇಲಿರುವ ಗೇಜನ್ನು ಓದಬೇಡಿ. ಜಾಕಿ ಈಗಾಗಲೇ ಹೆಡರನ್ನು ಮೇನ್ ಪಂಪಿನ ಶಕ್ತಿಗಿಂತ ಹೆಚ್ಚಿಗೆ ಏರಿಸಿದ್ದರೆ, ಮೇನ್ ಪಂಪಿನ ನಾನ್ ರಿಟರ್ನ್ ವಾಲ್ವ್ ತೆರೆಯುವುದೇ ಇಲ್ಲ, ಹೆಡರಿನ ಗೇಜ್ ಜಾಕಿಯ ಒತ್ತಡವನ್ನೇ ತೋರಿಸುತ್ತಾ ಇರುತ್ತದೆ. ಪಂಪಿಗೂ ನಾನ್ ರಿಟರ್ನ್ ವಾಲ್ವಿಗೂ ನಡುವೆ ಇರುವ ಗೇಜ್ ಮಾತ್ರ ನಿಜ ಹೇಳುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಆ ಗೇಜ್ 8.2ರಲ್ಲಿ ನಿಂತಿತು. ಟ್ಯಾಂಕ್ ಪಂಪಿಗಿಂತ ಎತ್ತರದಲ್ಲಿದೆ, ಅಂದು ತುಂಬಿತ್ತು, ಒಳಗೆ ಸುಮಾರು ಮೂರು ಮೀಟರ್ ನೀರು. ಆ ನೀರಿನ ಭಾರವೇ 0.3 ಕೆ.ಜಿ. ಟ್ಯಾಂಕ್ ತಳ ಮುಟ್ಟುವಾಗ ಅದು ಇರುವುದಿಲ್ಲ. ಆದ್ದರಿಂದ ನಾನು ನಂಬಬಹುದಾದ ಅಂಕಿ 7.9. ಗೇಜಿನ ಗೆರೆಗೆ ಹೊಂದಿಸಿ ಅದನ್ನು 8.0 ಎಂದು ಇಟ್ಟುಕೊಂಡೆ.

ಎರಡನೆಯ ಹೆಜ್ಜೆ: ಮೆಟ್ಟಿಲು ಕಟ್ಟುವುದು

ಮೊದಲು ನಿಗದಿಯಾಗಬೇಕಾದದ್ದು ಜಾಕಿ ನಿಲ್ಲುವ ಒತ್ತಡ. ಅದು ಮೇನ್ ಪಂಪಿನ ಮುಚ್ಚಿದ ಬಾಯಿಯ ಒತ್ತಡಕ್ಕೆ ಸಮನಾಗಿರಬೇಕು, ಅಂದರೆ ಇಲ್ಲಿ 8.0. ಲೈನು ಮೊದಲೇ ಆ ಒತ್ತಡದಲ್ಲಿದ್ದರೆ ಮೇನ್ ಪಂಪ್ ಎದ್ದಾಗ ಪೈಪಿಗೆ ಬೀಳುವ ಪೆಟ್ಟು ಕಡಿಮೆ. ಐದು ಕೆ.ಜಿ.ಯಲ್ಲಿರುವ ಲೈನಿನ ಮೇಲೆ ಎಂಟು ಕೆ.ಜಿ.ಯ ಪಂಪ್ ಏಕಾಏಕಿ ಬಿದ್ದರೆ ನೆಲದಡಿಯ ಜೋಡಣೆಗಳು ನಡುಗುತ್ತವೆ. ಪೈಪಿನ ಮೇಲೆ ಕೈ ಇಟ್ಟು ನಿಂತವರಿಗೆ ಆ ಪೆಟ್ಟು ಗೊತ್ತು.

ಜಾಕಿ 8.0 ತಲುಪಬಲ್ಲದೇ ಎಂದೂ ಆಗಲೇ ನೋಡಿಬಿಡಿ. ಜಾಕಿಯ ಸ್ವಂತ ಗರಿಷ್ಠ ಒತ್ತಡ 7.9 ಇದ್ದರೆ ಅದು 8.0 ಮುಟ್ಟಲಾರದೆ ಹಗಲು ರಾತ್ರಿ ಓಡುತ್ತಲೇ ಇರುತ್ತದೆ, ಕೊನೆಗೆ ಸೀಲ್ ಕಿತ್ತುಕೊಂಡು ಹೋಗುತ್ತದೆ. ಇಲ್ಲಿನ ಜಾಕಿ ಮುಚ್ಚಿದ ಬಾಯಿಯಲ್ಲಿ 9.1 ತೋರಿಸಿತು. ತೊಂದರೆ ಇರಲಿಲ್ಲ.

ಅಲ್ಲಿಂದ ಕೆಳಗೆ ಇಳಿಯಿರಿ. ಜಾಕಿ ಆರಂಭವಾಗುವ ಒತ್ತಡ ಅದರ ನಿಲುಗಡೆಗಿಂತ ಕನಿಷ್ಠ 0.7 ಕೆ.ಜಿ. ಕೆಳಗಿರಬೇಕು. ಅಮೆರಿಕದ ಫೈರ್ ಪಂಪ್ ನಿಯಮ ಎನ್‌ಎಫ್‌ಪಿಎ 20ರ ರೂಢಿಯಲ್ಲಿ ಇದು 10 ಪಿಎಸ್‌ಐ, ಅಂದರೆ ಚದರ ಇಂಚಿಗೆ 10 ಪೌಂಡ್, ನಮ್ಮ ಅನೇಕ ಗುತ್ತಿಗೆದಾರರು ಅನುಸರಿಸುವುದೂ ಅದನ್ನೇ. ನಾನು 0.8 ಬಿಟ್ಟು 7.2 ಇಟ್ಟೆ. ಮೇನ್ ಪಂಪಿನ ಆರಂಭ ಜಾಕಿಯ ಆರಂಭಕ್ಕಿಂತ ಅದೇ ರೂಢಿಯಂತೆ 5 ಪಿಎಸ್‌ಐ, ಅಂದರೆ ಸುಮಾರು 0.35 ಕೆ.ಜಿ. ಕೆಳಗಿದ್ದರೂ ನಡೆಯುತ್ತದೆ. ಆದರೆ ಒತ್ತಡ ಇಳಿದಾಗ ಪಂಪಿಗೆ ಸುದ್ದಿ ಮುಟ್ಟಿಸುವ, ನಮ್ಮಲ್ಲಿ ಸಿಗುವ ಸಾಮಾನ್ಯ ಪ್ರೆಷರ್ ಸ್ವಿಚ್ಚು ಒಂದೆರಡು ವರ್ಷ ಕಳೆದ ಮೇಲೆ 0.1, 0.2 ಅತ್ತಿತ್ತ ಸರಿಯುತ್ತದೆ. ಅದಕ್ಕೇ ನಾನು ಅರ್ಧ ಕೆ.ಜಿ. ಬಿಡುತ್ತೇನೆ: 6.7. ಡೀಸೆಲ್ ಪಂಪಿಗೆ ಇನ್ನೂ 0.7 ಕೆಳಗೆ: 6.0.

ಹಾಗಾಗಿ ಹೊಸ ಹಾಳೆ ಹೀಗಾಯಿತು:

ಜಾಕಿ ನಿಲುಗಡೆ 8.0
ಜಾಕಿ ಆರಂಭ 7.2
ಮೇನ್ ಆರಂಭ 6.7, ನಿಲುಗಡೆ ಕೈಯಿಂದ
ಡೀಸೆಲ್ ಆರಂಭ 6.0, ನಿಲುಗಡೆ ಕೈಯಿಂದ

ಇದನ್ನು ಹಳೆಯ ಹಾಳೆಯ ಪಕ್ಕದಲ್ಲಿ ಇಟ್ಟು ನೋಡಿದರೆ ದೋಷ ಕಾಣುತ್ತದೆ. ಅಲ್ಲಿ ಜಾಕಿಗೂ ಮೇನ್‌ಗೂ ನಡುವೆ 0.2, ಮೇನ್‌ಗೂ ಡೀಸೆಲ್‌ಗೂ ನಡುವೆ ಇನ್ನೊಂದು 0.2. ಗೇಜಿನ ಮುಳ್ಳಿನ ದಪ್ಪದಷ್ಟು ಅಂತರ. ಸ್ವಿಚ್ ಸ್ವಲ್ಪ ಸರಿದರೂ ಯಾರು ಮೊದಲು ಏಳುತ್ತಾರೆ ಎಂಬುದು ಅದೃಷ್ಟದ ಮಾತಾಗುತ್ತದೆ.

ಮೇನ್ ಪಂಪಿಗೆ ತಾನಾಗಿ ನಿಲ್ಲುವ ಅಂಕಿ ಇಲ್ಲದಿರುವುದನ್ನು ಗಮನಿಸಿ. ಬೆಂಕಿಯ ಎದುರು ನಳಿಕೆ ಹಿಡಿದವರು ಜಾಗ ಬದಲಿಸಲು ಅರೆಗಳಿಗೆ ನೀರು ಮುಚ್ಚಿದರೆ ಒತ್ತಡ ಏರುತ್ತದೆ. ಆಗ ಪಂಪ್ ನಿಂತು, ತೆರೆದಾಗ ಮತ್ತೆ ಏಳುತ್ತಾ ಹೋದರೆ ಮೋಟಾರೂ ಸುಡುತ್ತದೆ, ನಳಿಕೆಯಲ್ಲಿನ ನೀರೂ ಬಿದ್ದುಹೋಗುತ್ತದೆ. ಆದ್ದರಿಂದ ಒಮ್ಮೆ ಎದ್ದ ಮೇನ್ ಪಂಪನ್ನು ನಿಲ್ಲಿಸುವುದು ಮನುಷ್ಯನ ಕೈ ಮಾತ್ರ, ಅದೂ ಬೆಂಕಿ ಆರಿದೆ ಎಂದು ಹೊಣೆಯಿದ್ದವರು ಹೇಳಿದ ಮೇಲೆ. ಯಾರಾದರೂ ‘ಆಟೋ ಸ್ಟಾಪ್’ ಹಾಕಿಕೊಡಿ ಎಂದು ಕೇಳಿದರೆ ನಾನು ಒಪ್ಪುವುದಿಲ್ಲ.

ಡೀಸೆಲ್ ಪಂಪಿನ 6.0 ಬಗ್ಗೆ ಒಂದು ಮಾತು. ಹಲವು ಹೈಡ್ರಂಟ್‌ಗಳು ಒಟ್ಟಿಗೆ ತೆರೆದು, ಮೇನ್ ಪಂಪ್ ಫಲಕಕ್ಕಿಂತ ಹೆಚ್ಚು ನೀರು ಕೊಡುತ್ತಿದ್ದರೆ ಅದರ ಒತ್ತಡ ಆರಕ್ಕಿಂತ ಕೆಳಗೆ, 4.5ರ ಕಡೆಗೆ ಇಳಿಯಬಹುದು ಎಂದು ಆಗಲೇ ಹೇಳಿದೆ. ಆಗ ಮೇನ್ ಓಡುತ್ತಿದ್ದರೂ ಡೀಸೆಲ್ ಏಳುತ್ತದೆ. ಇದನ್ನು ದೋಷವೆಂದು ತಿಳಿದು ಡೀಸೆಲ್ ಅಂಕಿಯನ್ನು ನಾಲ್ಕಕ್ಕೆ ಇಳಿಸಿಟ್ಟವರನ್ನು ಕಂಡಿದ್ದೇನೆ. ಹಾಗೆ ಮಾಡಬೇಡಿ. ಅಷ್ಟು ನೀರು ಬೇಕಾದ ಹೊತ್ತಿನಲ್ಲಿ ಎರಡನೆಯ ಪಂಪ್ ಬಂದು ಸೇರುವುದೇ ಸರಿ.

ಆದರೆ ಇನ್ನೊಂದು ಬಗೆಯ ಅನಗತ್ಯ ಓಟವಿದೆ, ಅದನ್ನು ತಡೆಯಬೇಕು. ಮೇನ್ ಮೋಟಾರ್ ಸ್ಟಾರ್ ಡೆಲ್ಟಾ ದಾಟಿ ಪೂರ್ಣ ವೇಗಕ್ಕೆ ಬರಲು ಕೆಲವು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಒತ್ತಡ ಒಮ್ಮೆ ಆರಕ್ಕಿಂತ ಕೆಳಗೆ ಇಣುಕಿ ಬರಬಹುದು. ಡೀಸೆಲ್ ಪ್ಯಾನೆಲ್‌ನ ಟೈಮರಿನಲ್ಲಿ ಸುಮಾರು 10 ಸೆಕೆಂಡು ಇಟ್ಟರೆ ಆ ಇಣುಕಿಗೆ ಇಂಜಿನ್ ಏಳುವುದಿಲ್ಲ.

ಮೂರನೆಯ ಹೆಜ್ಜೆ: ಸ್ವಿಚ್ಚಿನ ತಿರುಪು

ಪ್ರೆಷರ್ ಸ್ವಿಚ್ಚಿನ ಮುಚ್ಚಳ ತೆಗೆದರೆ ಸ್ಪ್ರಿಂಗು ಮತ್ತು ಎರಡು ತಿರುಪು ಕಾಣುತ್ತವೆ. ಒಂದು ಸ್ವಿಚ್ ಕೆಲಸ ಮಾಡುವ ಒತ್ತಡವನ್ನು ಹಿಡಿಯುತ್ತದೆ, ಇನ್ನೊಂದು ಆರಂಭಕ್ಕೂ ನಿಲುಗಡೆಗೂ ನಡುವಿನ ಅಂತರವನ್ನು. ಮೊದಲನೆಯ ತಿರುಪು ಹಿಡಿಯುವುದು ಮೇಲಿನ ಅಂಕಿಯನ್ನೋ ಕೆಳಗಿನದನ್ನೋ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ಮುಚ್ಚಳದ ಒಳಗಿನ ಚಿತ್ರವನ್ನು ನೋಡಿಯೇ ಮುಂದುವರಿಯಿರಿ. ಜಾಕಿಗೆ ಎರಡೂ ತಿರುಪು ಬೇಕು. ಮೇನ್ ಮತ್ತು ಡೀಸೆಲ್‌ಗೆ ಆರಂಭದ ಅಂಕಿ ಮಾತ್ರ ಮುಖ್ಯ, ಎದ್ದ ಮೇಲೆ ಹಿಡಿದಿಡುವುದು ಪ್ಯಾನೆಲಿನ ರಿಲೇ.

ಸ್ವಿಚ್ಚಿನ ಮೇಲೆ ಅಚ್ಚು ಹಾಕಿರುವ ಅಳತೆಗೋಲನ್ನು ಅಂದಾಜಿಗೆ ಮಾತ್ರ ಬಳಸಿ. ನಂಬಬೇಕಾದದ್ದು ಪರೀಕ್ಷೆ ಮಾಡಿಸಿದ ಗೇಜನ್ನು. ತಿರುಪನ್ನು ಕಾಲು ಸುತ್ತು ತಿರುಗಿಸಿ, ಒತ್ತಡ ಇಳಿಸಿ, ಎಲ್ಲಿ ‘ಟಿಕ್’ ಎಂದಿತೆಂದು ಓದಿ, ಮತ್ತೆ ತಿರುಗಿಸಿ. ತಾಳ್ಮೆಯ ಕೆಲಸ, ಒಂದೊಂದು ಸ್ವಿಚ್ಚಿಗೆ ನಾಲ್ಕೈದು ಸಲ ಬೇಕಾಗುತ್ತದೆ. ಸರಿಯಾದ ಮೇಲೆ ತಿರುಪಿನ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿಬಿಡುತ್ತೇನೆ. ಮುಂದೆ ಯಾರಾದರೂ ಮುಟ್ಟಿದ್ದರೆ ಬಣ್ಣ ಬಿರುಕು ಬಿಟ್ಟು ತೋರಿಸುತ್ತದೆ.

ಆ ಕಾರ್ಖಾನೆಯಲ್ಲಿ ಅಂಕಿಗಳಷ್ಟೇ ಅಲ್ಲದೆ ಇನ್ನೊಂದು ತೊಂದರೆಯೂ ಇತ್ತು. ಅದು ಗೊತ್ತಾದದ್ದು ಸ್ವಿಚ್ ಹೊಂದಿಸುವಾಗಲೇ. ಹೆಡರಿನಿಂದ ಪ್ರತಿ ಸ್ವಿಚ್ಚಿಗೆ ಅರ್ಧ ಇಂಚಿನ ಸಣ್ಣ ಪೈಪು ಹೋಗುತ್ತದೆ, ಸೆನ್ಸಿಂಗ್ ಲೈನ್ ಎನ್ನುತ್ತಾರೆ. ಡ್ರೇನ್ ಕಾಕನ್ನು ನಿಧಾನ ತೆರೆದು ಹೆಡರಿನ ಗೇಜ್ ನೋಡುತ್ತಿದ್ದೆ. ಅದು 8ರಿಂದ 7.5, 7.2, 7.0 ಎಂದು ಇಳಿಯುತ್ತಿತ್ತು. ಜಾಕಿಯ ಸ್ವಿಚ್ಚಿನ ಪಕ್ಕದ ಗೇಜಿನ ಮುಳ್ಳು ಮಾತ್ರ 7.6ರಲ್ಲಿ ಅಂಟಿಕೊಂಡಿತ್ತು. ಬೆರಳಿನಿಂದ ಗಾಜು ತಟ್ಟಿದೆ, ಅಲುಗಲಿಲ್ಲ. ಎಷ್ಟೋ ಸೆಕೆಂಡು ಕಳೆದ ಮೇಲೆ ಆಲಸ್ಯದಿಂದ ಎಂಬಂತೆ ಕೆಳಗೆ ಸರಿಯಿತು. ಅಷ್ಟರಲ್ಲಿ ಹೆಡರಿನ ಒತ್ತಡ ಮೇನ್ ಪಂಪಿನ ಅಂಕಿಯನ್ನು ದಾಟಿಯಾಗಿತ್ತು.

ಪೈಪು ಬಿಚ್ಚಿ ನೋಡಿದರೆ ಒಳಗೆ ಬಿಳಿ ಗಾರೆಯಂತೆ ಸುಣ್ಣದ ಪದರ. ಟ್ಯಾಂಕಿಗೆ ಬರುವುದು ಕೊಳವೆಬಾವಿಯ ಗಡಸು ನೀರು. ಪೈಪಿನ ನಡುವೆ ಒಂದು ಸಣ್ಣ ರಂಧ್ರವಿರುವ ಚೆಕ್ ವಾಲ್ವ್ ಇತ್ತು. ಒತ್ತಡದ ಏರಿಳಿತ ಸ್ವಿಚ್ಚಿಗೆ ನೇರವಾಗಿ ಬಡಿಯದಂತೆ ಅದನ್ನು ಹಾಕುತ್ತಾರೆ. ಅದರ ರಂಧ್ರ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಅದು ಹೆಚ್ಚೂಕಡಿಮೆ ಮುಚ್ಚಿಹೋಗಿತ್ತು, ಅದರ ಆಚೆ ಪೈಪಿನ ಮೇಲ್ಭಾಗದಲ್ಲಿ ಗಾಳಿಯೂ ಸೇರಿಕೊಂಡಿತ್ತು. ರಾತ್ರಿ ಸೋರಿಕೆಯಿಂದ ಒತ್ತಡ ಇಳಿದಾಗ ಜಾಕಿಗೆ ಸುದ್ದಿ ತಡವಾಗಿ ಮುಟ್ಟುತ್ತಿತ್ತು, ಮೇನ್‌ಗೆ ಸಕಾಲಕ್ಕೆ. ನಡುವೆ ಇದ್ದ ಅಂತರವೂ 0.2 ಮಾತ್ರ. ಮೇನ್ ಪಂಪ್ ಎರಡು ರಾತ್ರಿ ಎದ್ದದ್ದು ಹೀಗೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕೊಳವೆಬಾವಿ ನೀರು ಬಳಸುವ ಎಲ್ಲ ಪಂಪ್ ರೂಮಿನಲ್ಲಿ ಈ ಸಣ್ಣ ಪೈಪನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಲೇಬೇಕು ಎಂದು ನಾನು ಹೇಳುತ್ತೇನೆ. ಮತ್ತೊಂದು ಸಂಗತಿ: ಎಷ್ಟೋ ಕಡೆ ಮೂರೂ ಸ್ವಿಚ್ಚನ್ನು ಒಂದೇ ಪೈಪಿಗೆ, ಒಂದೇ ಕಾಕ್‌ಗೆ ಸೇರಿಸಿರುತ್ತಾರೆ. ಯಾರಾದರೂ ಆ ಕಾಕನ್ನು ಮುಚ್ಚಿ ಮರೆತರೆ ಮೂರೂ ಪಂಪ್ ಒಟ್ಟಿಗೆ ಕುರುಡಾಗುತ್ತವೆ. ಕಾಕ್ ಮುಚ್ಚಿದಾಗ ಸ್ವಿಚ್ಚಿನ ಬಳಿಯ ಗೇಜಿನಲ್ಲಿ ಎಂಟು ಕೆ.ಜಿ. ಹಾಗೆಯೇ ನಿಂತಿರುತ್ತದೆ, ನೋಡಿದವರಿಗೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತದೆ. ಪ್ರತಿ ಪಂಪಿಗೆ ಬೇರೆ ಸೆನ್ಸಿಂಗ್ ಲೈನ್ ಇರಬೇಕು, ಅದು ಆಯಾ ಪಂಪಿನ ನಾನ್ ರಿಟರ್ನ್ ವಾಲ್ವಿಗೂ ಅದರ ಆಚೆಯ ವಾಲ್ವಿಗೂ ನಡುವಿನಿಂದ ಹೊರಡಬೇಕು.

ನಾಲ್ಕನೆಯ ಹೆಜ್ಜೆ: ನೀರು ಬಿಟ್ಟು ನೋಡುವುದು

ಅಂಕಿಗಳನ್ನು ಹೊಂದಿಸಿದ ಮೇಲೆ ನಿಜಕ್ಕೂ ಹಾಗೆಯೇ ನಡೆಯುತ್ತದೆಯೇ ಎಂದು ಒಂದೊಂದಾಗಿ ನೋಡಬೇಕು. ಒಬ್ಬರು ಪ್ಯಾನೆಲ್ ಮುಂದೆ, ಒಬ್ಬರು ಡ್ರೇನ್ ಕಾಕ್ ಬಳಿ, ಇಬ್ಬರಾದರೂ ಬೇಕು.

ಮೊದಲು ಮೂರನ್ನೂ ಆಟೋದಲ್ಲಿಟ್ಟು, ಲೈನು 8.0ರಲ್ಲಿರುವಾಗ ಕಾಕನ್ನು ಅತಿ ಸ್ವಲ್ಪ ತೆರೆಯಿರಿ. ಮುಳ್ಳು ನಿಧಾನ ಇಳಿದು 7.2ರ ಬಳಿ ಜಾಕಿ ಏಳಬೇಕು. ಕಾಕ್ ಮುಚ್ಚಿದರೆ 8.0ರಲ್ಲಿ ನಿಲ್ಲಬೇಕು. ಮುಂದೆ ಜಾಕಿಯನ್ನು ಆಫ್ ಮಾಡಿ ಮತ್ತೆ ನಿಧಾನ ಇಳಿಸಿ, 6.7ರಲ್ಲಿ ಮೇನ್ ಏಳಬೇಕು. ಎದ್ದ ಮೇಲೆ ಕಾಕ್ ಮುಚ್ಚಿ, ಒತ್ತಡ ಏರಿದರೂ ಪಂಪ್ ಓಡುತ್ತಲೇ ಇದೆಯೇ ಎಂದು ನೋಡಿ, ಕೈಯಿಂದ ನಿಲ್ಲಿಸಿ. ಕೊನೆಗೆ ಜಾಕಿ, ಮೇನ್ ಎರಡನ್ನೂ ಆಫ್ ಮಾಡಿ ಇಳಿಸಿದರೆ 6.0 ದಾಟಿ ಹತ್ತು ಸೆಕೆಂಡಿಗೆ ಡೀಸೆಲ್ ಇಂಜಿನ್ ತಿರುಗಬೇಕು.

ನಿಧಾನ ಎಂದದ್ದಕ್ಕೆ ಕಾರಣವಿದೆ. ಕಾಕನ್ನು ಒಮ್ಮೆಲೇ ತೆರೆದರೆ ಮುಳ್ಳು ಧುಮುಕುತ್ತದೆ, ಯಾವ ಅಂಕಿಯಲ್ಲಿ ಏನಾಯಿತು ಎಂದು ಕಣ್ಣಿಗೆ ಸಿಗುವುದಿಲ್ಲ. ಅದಾದ ಮೇಲೆ ಬೇಕಾದರೆ ದೂರದ ಒಂದು ಹೈಡ್ರಂಟನ್ನು ಪೂರ್ತಿ ತೆರೆದು ನೋಡಿ. ಜಾಕಿ ಎದ್ದು, ಅದರ ಹಿಂದೆಯೇ ಮೇನ್ ಎದ್ದು, ಡೀಸೆಲ್ ಸುಮ್ಮನಿದ್ದರೆ ಮೆಟ್ಟಿಲು ಸರಿಯಾಗಿದೆ ಎಂದರ್ಥ.

ಪರೀಕ್ಷೆ ಮುಗಿದ ಮೇಲೆ ಮೂರೂ ಸೆಲೆಕ್ಟರ್ ಆಟೋಗೆ ಬಂದಿವೆಯೇ ಎಂದು ಇಬ್ಬರೂ ಬೇರೆ ಬೇರೆಯಾಗಿ ನೋಡಬೇಕು. ಪರೀಕ್ಷೆಗೆಂದು ಆಫ್ ಮಾಡಿದ ಪಂಪ್ ಆಫ್ ಆಗಿಯೇ ಉಳಿದುಬಿಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ.

ಡೀಸೆಲ್ ಪಂಪಿಗೆ ಬೇರೆಯ ಗಮನ

ವಿದ್ಯುತ್ ಮೋಟಾರಿನ ವೇಗ ಬದಲಾಗುವುದಿಲ್ಲ. ಇಂಜಿನ್ನಿನದು ಗವರ್ನರ್ ಹೇಳಿದಂತೆ. ಒತ್ತಡ ವೇಗದ ವರ್ಗದಂತೆ ಏರುವುದರಿಂದ ವೇಗ ಶೇಕಡಾ 5 ಹೆಚ್ಚಾದರೆ ಒತ್ತಡ ಸುಮಾರು ಶೇಕಡಾ 10 ಹೆಚ್ಚುತ್ತದೆ. 8.2 ತೋರಿಸಬೇಕಾದ ಪಂಪ್ 9 ತೋರಿಸುತ್ತದೆ. ಡೀಸೆಲ್ ಪಂಪಿನ ಮುಚ್ಚಿದ ಬಾಯಿಯ ಒತ್ತಡವನ್ನು ಬೇರೆಯಾಗಿ ಅಳೆದು, ಮೇನ್ ಪಂಪಿನದಕ್ಕೆ ಹೊಂದುತ್ತಿಲ್ಲವಾದರೆ ಮೊದಲು ಇಂಜಿನ್ನಿನ ವೇಗ ನೋಡಿಸಿ.

ಬ್ಯಾಟರಿಯ ವಿಷಯದಲ್ಲಿ ಚಾರ್ಜರಿನ ದೀಪ ಹಸಿರಾಗಿದೆ ಎಂದು ಬಿಡಬೇಡಿ. 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಬಹುದು. ಇಂಜಿನ್ ತಿರುಗಿಸುವಾಗ ಅದು 9.6ಕ್ಕಿಂತ ಕೆಳಗೆ ಬಿದ್ದರೆ ಅದರ ಆಯುಸ್ಸು ಮುಗಿಯುತ್ತಾ ಬಂದಿದೆ. ಮೀಟರ್ ಹಿಡಿದು ತಿರುಗುವ ಹೊತ್ತಿನಲ್ಲಿಯೇ ನೋಡಬೇಕು. ಎರಡು ಬ್ಯಾಟರಿ ಸೆಟ್ ಇದ್ದರೆ ಒಂದು ವಾರ ಒಂದರಿಂದ, ಮರುವಾರ ಇನ್ನೊಂದರಿಂದ ಶುರು ಮಾಡಿ.

ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಇಂಜಿನ್ ಬಿಸಿಯೇ ಆಗುವುದಿಲ್ಲ, ಕೂಲಿಂಗ್ ಸರಿಯಿದೆಯೇ ಎಂದು ತಿಳಿಯುವುದೂ ಇಲ್ಲ. ಅನೇಕ ಫೈರ್ ಇಂಜಿನ್‌ಗಳು ಪಂಪಿನ ನೀರಿನಿಂದಲೇ ತಣ್ಣಗಾಗುತ್ತವೆ. ಆ ಸಣ್ಣ ಲೈನಿನ ವಾಲ್ವ್ ಮುಚ್ಚಿದ್ದರೆ ಹತ್ತು ಹದಿನೈದು ನಿಮಿಷಕ್ಕೆ ಉಷ್ಣದ ಮುಳ್ಳು ಏರುತ್ತದೆ. ಅದು ಪರೀಕ್ಷೆಯ ದಿನವೇ ಗೊತ್ತಾಗಲಿ.

ಮೇನ್ ಪಂಪಿನ ವಿದ್ಯುತ್ತಿಗೂ ಒಂದು ಮಾತು ಸೇರಿಸುತ್ತೇನೆ. ಅದರ ಕೇಬಲ್ ಕಾರ್ಖಾನೆಯ ಮೇನ್ ಬ್ರೇಕರಿಗಿಂತ ಮೊದಲೇ ಬೇರೆಯಾಗಿ ಬರಬೇಕು. ಬೆಂಕಿ ಬಿದ್ದಾಗ ಯಾರೇ ಆದರೂ ಮೊದಲು ಮಾಡುವುದು ಮೇನ್ ಇಳಿಸುವ ಕೆಲಸ.

ಜಾಕಿ ಹೇಳುವ ಸುದ್ದಿ

ಹೊಸ ಅಂಕಿಗಳನ್ನು ಹೊಂದಿಸಿ ಬರುವಾಗ ಆಪರೇಟರ್ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಪ್ರತಿ ಪಾಳಿಯಲ್ಲಿ ಜಾಕಿ ಎಷ್ಟು ಸಲ ಓಡಿತು ಎಂದು ಬರೆಯಲು ಹೇಳಿದೆ. ಜಾಕಿ ದಿನಕ್ಕೆ ನಾಲ್ಕೈದು ಸಲ ಎದ್ದರೆ ಚಿಂತೆಯಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದರೆ ನೀರು ಎಲ್ಲಿಯೋ ಹೋಗುತ್ತಿದೆ.

ಎಲ್ಲಿಗೆ ಎಂದು ಹುಡುಕುವಾಗ ಮೊದಲು ನೆಲ ಅಗೆಯಲು ಹೋಗಬೇಡಿ. ಯಾವುದಾದರೂ ಪಂಪಿನ ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಕೂರದೆ ನೀರು ಪಂಪಿನ ಮೂಲಕ ಟ್ಯಾಂಕಿಗೇ ವಾಪಸ್ ಹೋಗುತ್ತಿರಬಹುದು. ಆ ಸೋರಿಕೆ ನೆಲದ ಮೇಲೆ ಒಂದು ಹನಿಯನ್ನೂ ತೋರಿಸುವುದಿಲ್ಲ. ಮೇನ್ ಪಂಪಿನ ಡೆಲಿವರಿ ವಾಲ್ವನ್ನು ಕೆಲವು ನಿಮಿಷ ಮುಚ್ಚಿ ಹೆಡರಿನ ಮುಳ್ಳು ನೋಡಿ. ಇಳಿತ ನಿಂತರೆ ನೀರು ಆ ಪಂಪಿನ ದಾರಿಯಲ್ಲಿ ಹೋಗುತ್ತಿದೆ. ನಿಲ್ಲದಿದ್ದರೆ ಅದನ್ನು ತೆರೆದು ಡೀಸೆಲ್‌ನದನ್ನು, ಆಮೇಲೆ ಜಾಕಿಯದನ್ನು ನೋಡಿ. ಮೂರರಲ್ಲೂ ಇಳಿತ ನಿಲ್ಲದಿದ್ದರೆ ಮಾತ್ರ ಹೊರಗಿನ ಲೈನು. ವಾಲ್ವ್ ಮುಚ್ಚಿದ ಅಷ್ಟು ಹೊತ್ತೂ ಅದರ ಪಕ್ಕದಲ್ಲಿಯೇ ನಿಂತಿರಿ, ತೆರೆದು ಸರಪಳಿ ಹಾಕಿದ ಮೇಲೆಯೇ ಕದಲಿರಿ.

ಒಂದೂವರೆ ತಿಂಗಳ ಮೇಲೆ ಆ ಆಪರೇಟರ್ ಕರೆ ಮಾಡಿದರು. ಮೇನ್ ಪಂಪ್ ಒಂದು ಸಲವೂ ತಾನಾಗಿ ಎದ್ದಿರಲಿಲ್ಲ. ಆದರೆ ನೋಟ್‌ಬುಕ್‌ನಲ್ಲಿ ಜಾಕಿಯ ಎಣಿಕೆ ದಿನಕ್ಕೆ ನಾಲ್ಕರಿಂದ ಹನ್ನೊಂದಕ್ಕೆ ಏರಿತ್ತು. ನಾನು ಹೇಳುವ ಮೊದಲೇ ಅವರು ಮೂರೂ ವಾಲ್ವುಗಳನ್ನು ಒಂದೊಂದಾಗಿ ಮುಚ್ಚಿ ನೋಡಿದ್ದರು. “ಸರ್, ಮೂರರಲ್ಲೂ ಇಳಿಯುತ್ತಿದೆ, ಹೊರಗಿನ ಲೈನೇ” ಎಂದರು. ಲಾರಿಗಳು ತಿರುಗುವ ಗೇಟಿನ ಪಕ್ಕದಲ್ಲಿ ಸುತ್ತಲ ಒಣ ಮಣ್ಣಿನ ನಡುವೆ ಒಂದು ಮೊಳದಷ್ಟು ಜಾಗ ಮಾತ್ರ ಕಪ್ಪಗೆ ತೇವವಾಗಿತ್ತು. ಅಲ್ಲಿ ಅಗೆದಾಗ ಫ್ಲಾಂಜಿನ ಗ್ಯಾಸ್ಕೆಟ್ ಹರಿದದ್ದು ಸಿಕ್ಕಿತು.